ಸುದ್ದಿ ಚಿಕ್ಕದಾದಾಗ ಆರೋಪಿ ಅಪರಾಧಿಯಾಗುವುದು ಹೇಗೆ

(ಹಾಸನದಲ್ಲಿ ಪತ್ರಿಕೋದ್ಯಮದ ವಿದ್ಯಾರ್ಥಿಗಳಿಗೆ ಮತ್ತು ಸ್ಥಳೀಯ ಸುದ್ದಿಯ ಸಂಕ್ಷೇಪ ಬರೆಯುವವರಿಗೆ ನೀಡಿದ ಉಪನ್ಯಾಸದ ಬರಹ ರೂಪ)

ಸ್ನೇಹಿತರೇ, ಈ ಸಭೆಯಲ್ಲಿರುವವರಲ್ಲಿ ಹಲವರು ದಿನವೂ ಒಂದೇ ಕೆಲಸ ಮಾಡುತ್ತೀರಿ. ದೊಡ್ಡ ವರದಿಯನ್ನು ಓದಿ, ಅದನ್ನು ನಾಲ್ಕು ಸಾಲಿಗೆ ಇಳಿಸುತ್ತೀರಿ. ಮಳೆ, ಮಾರುಕಟ್ಟೆ ದರ, ಗ್ರಾಮ ಪಂಚಾಯಿತಿ ಸಭೆ ಇವುಗಳ ಸಂಕ್ಷೇಪದಲ್ಲಿ ಒಂದು ಮಾತು ಹೆಚ್ಚುಕಡಿಮೆಯಾದರೆ ಮಾರನೆಯ ದಿನ ತಿದ್ದಬಹುದು. ಅಪರಾಧ ಸುದ್ದಿಯ ಸಂಕ್ಷೇಪದಲ್ಲಿ ಹಾಗಲ್ಲ. ಅಲ್ಲಿ ಬಿಟ್ಟುಹೋದ ಒಂದೇ ಒಂದು ‘ಎಂದು’ ಒಬ್ಬ ಮನುಷ್ಯನನ್ನು ಅವನ ಊರಿನಲ್ಲಿ ಕಳ್ಳನನ್ನಾಗಿ ಮಾಡಿಬಿಡುತ್ತದೆ. ಹೀಗಾಗುವುದು ಬಹುತೇಕ ದುರುದ್ದೇಶದಿಂದಲ್ಲ, ಕತ್ತರಿಸುವ ರೀತಿಯಿಂದ. ಹಾಗಾಗಿ ಇಂದು ಆ ಕತ್ತರಿಯ ಬಗ್ಗೆಯೇ ಮಾತನಾಡುತ್ತೇನೆ.

ಉದಾಹರಣೆಗೆ ಒಂದು ವರದಿ ಬೇಕು. ನಿಜವಾದ ಪ್ರಕರಣವೊಂದನ್ನು ಎತ್ತಿಕೊಂಡರೆ, ಆರೋಪಿಗಳನ್ನು ಮತ್ತೊಮ್ಮೆ ಸಭೆಯ ಮುಂದೆ ನಿಲ್ಲಿಸಿದಂತಾಗುತ್ತದೆ. ಆದ್ದರಿಂದ ನಮ್ಮ ಜಿಲ್ಲೆಯಲ್ಲಿ ಕಾಫಿ ಕೊಯ್ಲಿನ ಕಾಲದಲ್ಲಿ ಓದಲು ಸಿಗುವಂಥ ವರದಿಯೊಂದನ್ನು ಈ ಪಾಠಕ್ಕಾಗಿ ನಾನೇ ಬರೆದಿದ್ದೇನೆ. ಇದರಲ್ಲಿರುವ ವ್ಯಕ್ತಿಗಳಾಗಲಿ ಘಟನೆಯಾಗಲಿ ನಿಜವಲ್ಲ.

“ಸಕಲೇಶಪುರ ತಾಲ್ಲೂಕಿನ ಕಾಫಿ ತೋಟವೊಂದರ ಗೋದಾಮಿನಿಂದ ಕಾಫಿ ಕಳುವಾದ ಪ್ರಕರಣಕ್ಕೆ ಸಂಬಂಧಿಸಿದಂತೆ ಪೊಲೀಸರು ಶನಿವಾರ ಮೂವರನ್ನು ಬಂಧಿಸಿದ್ದಾರೆ. ಮಂಗಳವಾರ ರಾತ್ರಿ ಅಪರಿಚಿತರು ಗೋದಾಮಿನ ಬೀಗ ಮುರಿದು 12 ಮೂಟೆ ಒಣಗಿದ ಚೆರಿ ಕಾಫಿ ಹೊತ್ತೊಯ್ದಿದ್ದಾರೆ ಎಂದು ತೋಟದ ಮಾಲೀಕರು ಬುಧವಾರ ದೂರು ನೀಡಿದ್ದರು. ಬಂಧಿತರಲ್ಲಿ ಇಬ್ಬರು ಅದೇ ತೋಟದ ಲೈನ್ ಮನೆಯಲ್ಲಿ ವಾಸವಿದ್ದ, ಅಸ್ಸಾಂನಿಂದ ಬಂದ ಕಾರ್ಮಿಕರು. ಮತ್ತೊಬ್ಬರು ಪಿಕಪ್ ವಾಹನದ ಚಾಲಕ. ವಾಹನದಲ್ಲಿದ್ದ 7 ಮೂಟೆ ಕಾಫಿಯನ್ನು ವಶಪಡಿಸಿಕೊಳ್ಳಲಾಗಿದೆ, ಉಳಿದದ್ದನ್ನು ವ್ಯಾಪಾರಿಯೊಬ್ಬರಿಗೆ ಮಾರಿರುವುದಾಗಿ ಆರೋಪಿಗಳು ವಿಚಾರಣೆ ವೇಳೆ ಒಪ್ಪಿಕೊಂಡಿದ್ದಾರೆ ಎಂದು ಇನ್‌ಸ್ಪೆಕ್ಟರ್ ತಿಳಿಸಿದ್ದಾರೆ. ಬಾಡಿಗೆಗೆ ಕರೆದರೆಂದು ಚಾಲಕ ಹೋಗಿದ್ದರು, ಸರಕು ಯಾರದ್ದೆಂದು ಅವರಿಗೆ ಗೊತ್ತಿರಲಿಲ್ಲ ಎಂದು ಅವರ ಕುಟುಂಬದವರು ಹೇಳಿದ್ದಾರೆ. ಮೂವರನ್ನೂ ನ್ಯಾಯಾಲಯದ ಮುಂದೆ ಹಾಜರುಪಡಿಸಿದ್ದು, ನ್ಯಾಯಾಂಗ ಬಂಧನಕ್ಕೆ ಒಪ್ಪಿಸಲಾಗಿದೆ.”

ವರದಿ ಚೆನ್ನಾಗಿಯೇ ಇದೆ. ಯಾವ ಮಾತನ್ನು ಯಾರು ಹೇಳಿದರೆಂಬುದು ಪ್ರತಿ ವಾಕ್ಯದಲ್ಲೂ ತಿಳಿಯುತ್ತದೆ. ಈಗ ಇದರ ಸಂಕ್ಷೇಪವನ್ನು ನಮಗೆ ಅಭ್ಯಾಸವಾಗಿರುವ ಧಾಟಿಯಲ್ಲಿ ಓದುತ್ತೇನೆ.

“ತೋಟದ ಗೋದಾಮಿನ ಬೀಗ ಮುರಿದು 12 ಮೂಟೆ ಕಾಫಿ ಕದ್ದಿದ್ದ ಅಸ್ಸಾಂ ಕಾರ್ಮಿಕರು ಸೇರಿ ಮೂವರು ಖದೀಮರನ್ನು ಸಕಲೇಶಪುರ ಪೊಲೀಸರು ಬಂಧಿಸಿದ್ದಾರೆ. ಕದ್ದ ಮಾಲಿನಲ್ಲಿ 7 ಮೂಟೆ ವಶಪಡಿಸಿಕೊಳ್ಳಲಾಗಿದೆ. ಉಳಿದದ್ದನ್ನು ಮಾರಿರುವುದಾಗಿ ಆರೋಪಿಗಳು ವಿಚಾರಣೆ ವೇಳೆ ಬಾಯ್ಬಿಟ್ಟಿದ್ದಾರೆ. ಮೂವರೂ ಜೈಲು ಪಾಲಾಗಿದ್ದಾರೆ.”

ಏನೇನು ಬಿಟ್ಟುಹೋಯಿತು ನೋಡಿ. ‘ಎಂದು ಮಾಲೀಕರು ದೂರು ನೀಡಿದ್ದರು’ ಹೋಯಿತು. ‘ಎಂದು ಇನ್‌ಸ್ಪೆಕ್ಟರ್ ತಿಳಿಸಿದ್ದಾರೆ’ ಹೋಯಿತು. ಚಾಲಕನ ಕುಟುಂಬದವರ ಮಾತು ಪೂರ್ತಿ ಹೋಯಿತು. ‘ಅಪರಿಚಿತರು’ ಹೋಗಿ, ಆ ಜಾಗಕ್ಕೆ ಬಂಧಿತರು ಬಂದು ಕೂತರು. ಬಿಟ್ಟುಹೋದದ್ದೆಲ್ಲ ಒಂದೇ ಕಡೆಯದ್ದು. ಬಂಧಿತರ ಪರವಾಗಿ ಅಥವಾ ‘ಇನ್ನೂ ತೀರ್ಮಾನವಾಗಿಲ್ಲ’ ಎಂಬುದರ ಪರವಾಗಿ ಇದ್ದ ಮಾತುಗಳಷ್ಟೇ ಉದುರಿಹೋಗಿವೆ, ಅವರ ವಿರುದ್ಧದ ಒಂದು ವಿವರವೂ ಉದುರಿಲ್ಲ.

ಇದಕ್ಕೆ ಒಂದು ಕಾರಣ ನಮ್ಮ ವಾಕ್ಯರಚನೆಯಲ್ಲೇ ಇದೆ. ಕನ್ನಡದಲ್ಲಿ ಯಾರು ಹೇಳಿದರೆಂಬುದು ಸಾಮಾನ್ಯವಾಗಿ ವಾಕ್ಯದ ತುದಿಗೆ ಬರುತ್ತದೆ. ಮೊದಲು ಬೀಗ ಮುರಿಯುತ್ತದೆ, ಆಮೇಲೆ ಮೂಟೆಗಳು ಹೋಗುತ್ತವೆ, ಕೊನೆಗೆ ‘ಎಂದು ದೂರಿನಲ್ಲಿ ತಿಳಿಸಿದ್ದಾರೆ’ ಎಂದು ಬರುತ್ತದೆ. ಸಂಕ್ಷೇಪ ಮಾಡುವವರ ಕೈ ಮೊದಲು ಹೋಗುವುದೂ ತುದಿಗೇ. ಹೇಳಿದವರನ್ನು ಕತ್ತರಿಸಿದರೂ ಉಳಿದ ವಾಕ್ಯ ವ್ಯಾಕರಣದ ಪ್ರಕಾರ ಸಂಪೂರ್ಣವಾಗಿಯೇ ಇರುತ್ತದೆ, ಕಣ್ಣಿಗೆ ಏನೂ ಕೊರೆಯಾದಂತೆ ಕಾಣುವುದಿಲ್ಲ. ಆದರೆ ಒಬ್ಬ ಮಾಲೀಕರ ದೂರು ಅಷ್ಟರಲ್ಲಿ ನಿಮ್ಮ ಸ್ವಂತ ಸಾಕ್ಷ್ಯವಾಗಿ ಬದಲಾಗಿರುತ್ತದೆ. ಆ ರಾತ್ರಿ ಗೋದಾಮಿನ ಬಳಿ ನಿಂತು ನೀವೇ ಕಂಡವರಂತೆ ಬರೆದಿರುತ್ತೀರಿ.

ಪರಿಹಾರ ಸರಳ. ಹೇಳಿದವರನ್ನು ವಾಕ್ಯದ ಮುಂದಕ್ಕೆ ತನ್ನಿ. ‘ಪೊಲೀಸರ ಪ್ರಕಾರ’, ‘ಮಾಲೀಕರು ನೀಡಿದ ದೂರಿನ ಪ್ರಕಾರ’ ಎಂದು ವಾಕ್ಯ ಶುರುವಾದರೆ, ನಿಮ್ಮ ಸಂಕ್ಷೇಪವನ್ನು ಇನ್ನೊಬ್ಬರು ಮತ್ತಷ್ಟು ಕತ್ತರಿಸಿದಾಗಲೂ ಆ ಎರಡು ಪದ ಉಳಿಯುವ ಸಾಧ್ಯತೆ ಹೆಚ್ಚು. ಮೊಬೈಲ್ ಪರದೆಯಲ್ಲಿ ಮೊದಲ ಸಾಲು ಮಾತ್ರ ಕಾಣುವ ಈ ಕಾಲದಲ್ಲಿ ಇದಕ್ಕೆ ಇನ್ನೂ ಹೆಚ್ಚಿನ ಬೆಲೆಯಿದೆ.

ಎರಡನೆಯ ಕಾರಣ ಇದಕ್ಕಿಂತ ಸೂಕ್ಷ್ಮ. ಎಚ್ಚರಿಕೆಯಿಂದ ಬರೆಯುವವರೂ ಇಲ್ಲಿ ಎಡವುವುದನ್ನು ಕಾಣುತ್ತೇನೆ, ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ. ಈ ವಾಕ್ಯ ಕೇಳಿ: “ಗೋದಾಮಿನಿಂದ ಕಾಫಿ ಕದ್ದ ಮೂವರನ್ನು ಬಂಧಿಸಿರುವುದಾಗಿ ಪೊಲೀಸರು ತಿಳಿಸಿದ್ದಾರೆ.” ಇದರಲ್ಲಿ ‘ಪೊಲೀಸರು ತಿಳಿಸಿದ್ದಾರೆ’ ಇದೆಯಲ್ಲ, ಇನ್ನೇನು ತೊಂದರೆ ಎನ್ನಿಸಬಹುದು. ಪೊಲೀಸರು ತಿಳಿಸಿದ್ದು ಏನನ್ನು ಎಂದು ಕೇಳಿಕೊಳ್ಳಿ. ಬಂಧಿಸಿರುವುದನ್ನು. ಬಂಧನ ಹೇಗೂ ಕಣ್ಣಿಗೆ ಕಾಣುವ ಸಂಗತಿ, ಅದಕ್ಕೆ ಯಾರ ಹೆಸರಿನ ಆಸರೆಯೂ ಬೇಕಿರಲಿಲ್ಲ. ಆಸರೆ ಬೇಕಿದ್ದದ್ದು ‘ಕದ್ದ’ ಎಂಬ ಪದಕ್ಕೆ. ಅದು ‘ಮೂವರು’ ಎಂಬುದರ ಬೆನ್ನಿಗಂಟಿಕೊಂಡು, ಯಾರ ಹೇಳಿಕೆಯ ವ್ಯಾಪ್ತಿಗೂ ಸಿಗದೆ, ಮೊದಲೇ ಎಲ್ಲರಿಗೂ ಗೊತ್ತಿರುವ ಸತ್ಯದಂತೆ ಕೂತುಬಿಟ್ಟಿದೆ. ಕದ್ದರೋ ಇಲ್ಲವೋ ಎಂಬ ಪ್ರಶ್ನೆಯೇ ಓದುಗರ ಮನಸ್ಸಿನಲ್ಲಿ ಏಳುವುದಿಲ್ಲ. ಅವರ ಗಮನವೆಲ್ಲ ‘ಬಂಧಿಸಿದರು’ ಎಂಬುದರ ಮೇಲಿರುತ್ತದೆ.

ಕದ್ದ, ಕೊಂದ, ವಂಚಿಸಿದ, ಸುಲಿದ, ಹಲ್ಲೆ ನಡೆಸಿದ. ಹೀಗೆ ಕ್ರಿಯೆಯನ್ನು ವಿಶೇಷಣವನ್ನಾಗಿ ಮಾಡಿ ಮನುಷ್ಯನ ಮುಂದೆ ಇಡುವುದು ಕನ್ನಡಕ್ಕೆ ಬಹಳ ಸಹಜ, ಬಹಳ ಚಿಕ್ಕದು. ಅದಕ್ಕೇ ತಲೆಬರಹದಲ್ಲಿ ಅದು ಎಲ್ಲೆಲ್ಲೂ ಇದೆ. ನನ್ನ ಸಲಹೆ ಇಷ್ಟು: ತೀರ್ಪು ಬರುವವರೆಗೆ ಅಪರಾಧದ ಕ್ರಿಯೆಯನ್ನು ಮನುಷ್ಯನಿಗೆ ವಿಶೇಷಣವಾಗಿ ಕಟ್ಟಬೇಡಿ. ಅದನ್ನು ಪ್ರಕರಣಕ್ಕೆ ಕಟ್ಟಿ. ‘12 ಮೂಟೆ ಕಾಫಿ ಕದ್ದ ಮೂವರ ಬಂಧನ’ ಎನ್ನುವ ಬದಲು ‘ಕಾಫಿ ಕಳವು ಪ್ರಕರಣ: ಮೂವರ ಬಂಧನ’ ಎಂದು ಬರೆಯಿರಿ. ಮೊದಲನೆಯದರಲ್ಲಿ ಆರು ಪದ, ಎರಡನೆಯದರಲ್ಲಿ ಐದು. ಜಾಗ ಇರಲಿಲ್ಲ ಎಂಬ ಸಮಾಧಾನ ಇಲ್ಲಿ ನಡೆಯುವುದಿಲ್ಲ.

ಕೆಲವರು ‘ಆರೋಪಿ’ ಎಂಬ ಪದ ಹಾಕಿದರೆ ಕೆಲಸ ಮುಗಿಯಿತು ಎಂದು ನಂಬಿದ್ದಾರೆ. “ಆರೋಪಿಗಳು ಮಧ್ಯರಾತ್ರಿ ಬೀಗ ಮುರಿದು ಒಳನುಗ್ಗಿ, ಮೂಟೆಗಳನ್ನು ಪಿಕಪ್‌ಗೆ ತುಂಬಿ ಪರಾರಿಯಾಗಿದ್ದರು.” ಕರ್ತೃಪದದಲ್ಲಿ ಮಾತ್ರ ಆರೋಪವಿದೆ, ಕ್ರಿಯಾಪದಗಳೆಲ್ಲ ಅಪರಾಧವನ್ನು ಸಾಬೀತುಪಡಿಸಿಬಿಟ್ಟಿವೆ. ಇದು ‘ಅಪರಾಧಿಗಳು ಹೀಗೆ ಮಾಡಿದರು’ ಎಂಬುದಕ್ಕಿಂತ ಯಾವ ರೀತಿಯಲ್ಲೂ ಬೇರೆಯಲ್ಲ. ಆರೋಪ ಯಾರದ್ದು, ಯಾವ ಕ್ರಿಯೆಯ ಬಗ್ಗೆ ಎಂಬುದು ಕ್ರಿಯಾಪದದ ಹತ್ತಿರ ಕಾಣಬೇಕು.

ಇದೇ ವಾಕ್ಯದಲ್ಲಿ ಇನ್ನೊಂದು ದೋಷವಿದೆ. ಮೂಲ ವರದಿಗೆ ಹಿಂತಿರುಗಿ. ಬೀಗ ಮುರಿದದ್ದು, 12 ಮೂಟೆ ಹೋದದ್ದು ಮಾಲೀಕರ ದೂರಿನಲ್ಲಿರುವ ಮಾತು. ಆದರೆ ಅವರು ಯಾರ ಹೆಸರನ್ನೂ ಹೇಳಿಲ್ಲ, ‘ಅಪರಿಚಿತರು’ ಎಂದಿದ್ದಾರೆ. ಮೂವರನ್ನು ಬಂಧಿಸಿದ್ದು, 7 ಮೂಟೆ ಸಿಕ್ಕಿದ್ದು ಪೊಲೀಸರ ಮಾತು. ಆ ಮೂವರೇ ಬೀಗ ಮುರಿದರು, ಅವರೇ 12 ಮೂಟೆಯನ್ನೂ ಒಯ್ದರು ಎಂದು ವರದಿಯಲ್ಲಿ ಯಾರೂ ನೇರವಾಗಿ ಹೇಳಿಲ್ಲ. ಸಂಕ್ಷೇಪ ಬರೆದವರು ಇಬ್ಬರ ಮಾತನ್ನು ಒಂದು ವಾಕ್ಯದಲ್ಲಿ ಹೊಲಿದು, ಯಾರೂ ಹೇಳದ ಮೂರನೆಯ ಮಾತನ್ನು ಹುಟ್ಟಿಸಿದರು. ಇದರಿಂದ ಅತಿ ಹೆಚ್ಚು ಪೆಟ್ಟು ಬೀಳುವುದು ಚಾಲಕನಿಗೆ. ಪೊಲೀಸರ ಕಥನವನ್ನು ಪೂರ್ತಿ ಒಪ್ಪಿದರೂ ಅವನ ಪಾತ್ರ ವಾಹನ ಓಡಿಸಿದ್ದು. ಸಂಕ್ಷೇಪದಲ್ಲಿ ಅವನೂ ಬೀಗ ಮುರಿದವನಾದ. ದೂರು ಮತ್ತು ಪೊಲೀಸ್ ಹೇಳಿಕೆ ಎರಡೂ ಇದ್ದಾಗ ಅವು ಎರಡು ವಾಕ್ಯಗಳಾಗಿಯೇ ಇರಲಿ. ಮೂವರನ್ನು ಒಂದೇ ಬಹುವಚನಕ್ಕೆ ಸೇರಿಸುವ ಮೊದಲು, ಮೂವರ ಮೇಲೂ ಒಂದೇ ಆರೋಪವಿದೆಯೇ ಎಂದು ನೋಡಿ.

ಈಗ ‘ಕದ್ದ ಮಾಲಿನಲ್ಲಿ 7 ಮೂಟೆ ವಶ’ ಎಂಬುದಕ್ಕೆ ಬರುತ್ತೇನೆ. ಇಲ್ಲಿರುವ ಬೆಳೆಗಾರರ ಮಕ್ಕಳಿಗೆ ನಾನು ಹೇಳಬೇಕಾಗಿಲ್ಲ, ಚೆರಿ ಕಾಫಿಯ ಮೇಲೆ ತೋಟದ ಹೆಸರು ಬರೆದಿರುವುದಿಲ್ಲ. ಈ ತೋಟದ ಕಣದಲ್ಲಿ ಒಣಗಿದ ಕಾಯಿಗೂ ಪಕ್ಕದ ತೋಟದ ಕಣದಲ್ಲಿ ಒಣಗಿದ ಕಾಯಿಗೂ ಕಣ್ಣಳತೆಯಲ್ಲಿ ವ್ಯತ್ಯಾಸ ಹೇಳುವುದು ಕಷ್ಟ. ಗುರುತು ಏನಾದರೂ ಇದ್ದರೆ ಚೀಲದ ಮೇಲೆ ಹಾಕಿದ ಮೊಹರಿನಲ್ಲಿ, ಹೊಲಿಗೆಯ ದಾರದಲ್ಲಿ, ಗೋದಾಮಿನ ಪುಸ್ತಕದಲ್ಲಿ ರೈಟರ್ ಬರೆದಿಟ್ಟ ತೂಕದಲ್ಲಿ ಇರಬೇಕು. ಪೊಲೀಸರು ಪಂಚರ ಸಮ್ಮುಖದಲ್ಲಿ ಮಹಜರು ಮಾಡಿ ವಶಪಡಿಸಿಕೊಂಡ ಆ ಏಳು ಮೂಟೆ ಇದೇ ಗೋದಾಮಿನವು ಎಂಬುದನ್ನು ನ್ಯಾಯಾಲಯದಲ್ಲಿ ತೋರಿಸಿಕೊಡಬೇಕು. ಎಷ್ಟೋ ಪ್ರಕರಣಗಳು ಮುರಿದುಬೀಳುವುದು ಈ ಗುರುತಿನ ಪ್ರಶ್ನೆಯಲ್ಲೇ, ಅಥವಾ ಪಂಚರು ನ್ಯಾಯಾಲಯದಲ್ಲಿ ಬೇರೆ ಮಾತು ಹೇಳಿದಾಗ. ಆದ್ದರಿಂದ ‘7 ಮೂಟೆ ಕಾಫಿ ವಶ’ ಎಂಬುದು ನಡೆದ ಸಂಗತಿ, ‘ಕದ್ದ 7 ಮೂಟೆ ಕಾಫಿ ವಶ’ ಎಂಬುದು ಪ್ರಾಸಿಕ್ಯೂಷನ್ನಿನ ವಾದ. ಎರಡರ ನಡುವೆ ಇರುವುದು ಒಂದು ಪದ, ಕೆಲವೊಮ್ಮೆ ಇಡೀ ಪ್ರಕರಣ.

ಹಾಗೆಯೇ ವರದಿಯಲ್ಲಿ ಸುಮ್ಮನೆ ಹಾದುಹೋದ ಆ ‘ವ್ಯಾಪಾರಿ’. ಅವರು ಬಂಧಿತರೂ ಅಲ್ಲ, ಅವರ ಮೇಲೆ ಯಾವ ದೂರೂ ಇಲ್ಲ. ಕಳವಿನ ಮಾಲು ಕೊಂಡದ್ದು ಅಪರಾಧವಾಗಬೇಕಾದರೆ, ಅದು ಕಳವಿನದ್ದು ಎಂದು ಗೊತ್ತಿರಬೇಕು ಅಥವಾ ಹಾಗೆ ನಂಬಲು ಕಾರಣವಿರಬೇಕು. ಸಂಕ್ಷೇಪದಲ್ಲಿ ನೀವು ಉತ್ಸಾಹದಿಂದ ಒಂದು ಹೋಬಳಿಯ ಹೆಸರು ಸೇರಿಸಿ ‘ಅಲ್ಲಿನ ಕಾಫಿ ವ್ಯಾಪಾರಿ’ ಎಂದರೆ, ಆ ಹೋಬಳಿಯಲ್ಲಿ ಕಾಫಿ ಕೊಳ್ಳುವವರು ಎಷ್ಟು ಜನರಿದ್ದಾರೆ? ಹೆಸರು ಬರೆಯದೆಯೇ ಹೆಸರು ಹೇಳಿದಂತಾಗುತ್ತದೆ.

ಇನ್ನು ತಪ್ಪೊಪ್ಪಿಗೆ. ‘ವಿಚಾರಣೆ ವೇಳೆ ಬಾಯ್ಬಿಟ್ಟಿದ್ದಾರೆ’ ಎಂಬುದು ನಮ್ಮ ಅಪರಾಧ ಸುದ್ದಿಗಳ ಅತ್ಯಂತ ಸವೆದ ವಾಕ್ಯ, ಅಷ್ಟೇ ಅಪಾಯದ ವಾಕ್ಯ ಕೂಡ. ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಬೀತುಪಡಿಸುವಂತಿಲ್ಲ. 1872ರ ಸಾಕ್ಷ್ಯ ಕಾಯ್ದೆಯ 25ನೇ ಕಲಂ ಇದನ್ನು ಹೇಳುತ್ತಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಂ ಕೂಡ ಅದನ್ನೇ ಹೇಳುತ್ತದೆ. ಪೊಲೀಸ್ ವಶದಲ್ಲಿದ್ದಾಗ ಬೇರೆಯವರ ಮುಂದೆ ಒಪ್ಪಿಕೊಂಡದ್ದೂ ಮ್ಯಾಜಿಸ್ಟ್ರೇಟರ ಸಮ್ಮುಖದಲ್ಲಿ ಆಗಿರದಿದ್ದರೆ ನಿಲ್ಲುವುದಿಲ್ಲ. ಒಂದು ವಿನಾಯಿತಿಯಿದೆ: ಆರೋಪಿ ಕೊಟ್ಟ ಮಾಹಿತಿಯಿಂದ ಒಂದು ವಸ್ತು ಪತ್ತೆಯಾದರೆ, ಆ ಪತ್ತೆಗೆ ನೇರವಾಗಿ ಸಂಬಂಧಿಸಿದಷ್ಟು ಮಾತನ್ನು ಮಾತ್ರ ಪರಿಗಣಿಸಬಹುದು. ಇಷ್ಟೆಲ್ಲ ಬೇಲಿ ಹಾಕಿರುವುದು ಏಕೆಂದು ನಿಮಗೆ ಗೊತ್ತು. ಠಾಣೆಯ ಕೋಣೆಯೊಳಗೆ ಒಬ್ಬ ಮನುಷ್ಯನ ಬಾಯಿಂದ ಮಾತು ಹೇಗೆಲ್ಲ ಹೊರಡಬಹುದು ಎಂಬ ಅನುಭವದಿಂದ ಹುಟ್ಟಿದ ಕಾನೂನು ಇದು.

ನ್ಯಾಯಾಧೀಶರೇ ಸಾಕ್ಷ್ಯವೆಂದು ಪರಿಗಣಿಸಲಾಗದ ಮಾತನ್ನು ನಾವು ಓದುಗರ ಮುಂದೆ ಅತ್ಯಂತ ಬಲವಾದ ಸಾಕ್ಷ್ಯವಾಗಿ ಇಡುತ್ತಿದ್ದೇವೆ. ಸಾಲದ್ದಕ್ಕೆ, ಠಾಣೆಯಲ್ಲಿ ನಡೆಯುವುದನ್ನೂ ನ್ಯಾಯಾಲಯದಲ್ಲಿ ನಡೆಯುವುದನ್ನೂ ನಾವು ‘ವಿಚಾರಣೆ’ ಎಂದೇ ಕರೆಯುತ್ತೇವೆ. ‘ವಿಚಾರಣೆ ವೇಳೆ ಒಪ್ಪಿಕೊಂಡರು’ ಎಂದು ಓದಿದ ಅನೇಕರು ನ್ಯಾಯಾಧೀಶರ ಮುಂದೆಯೇ ಒಪ್ಪಿಕೊಂಡರೆಂದು ತಿಳಿಯುತ್ತಾರೆ. ಯಾವ ವಿಚಾರಣೆ ಎಂದು ಹೇಳದೆ ಆ ಪದವನ್ನು ಬಳಸಲೇಬೇಡಿ.

ಮೂಲ ವರದಿಯಲ್ಲಿ ಪೊಲೀಸರು ಹೀಗೆ ತಿಳಿಸಿದ್ದಾರೆ ಎಂದು ಇದೆಯಲ್ಲ, ಅದನ್ನು ಹಾಗೆಯೇ ಸಂಕ್ಷೇಪಕ್ಕೆ ತೆಗೆದುಕೊಳ್ಳಬಹುದೇ ಎಂದು ಕೇಳುವಿರಿ. ಉದ್ದದ ವರದಿಯಲ್ಲಿ, ಸುತ್ತಲೂ ಬೇರೆ ಮಾತುಗಳಿರುವಾಗ, ಪೊಲೀಸರ ಹೆಸರಿನಲ್ಲಿ ಅದು ಇರಬಹುದು. ನಾಲ್ಕು ಸಾಲಿನ ಸಂಕ್ಷೇಪದಲ್ಲಿ ಅದನ್ನು ಬಿಟ್ಟುಬಿಡಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ. ‘ಒಪ್ಪಿಕೊಂಡಿದ್ದಾರೆ’ ಎಂಬ ಪದ ಬಂದ ಮೇಲೆ ಅದರ ಮುಂದೆ ಹಿಂದೆ ಯಾರ ಹೆಸರಿಟ್ಟರೂ ಓದುಗರ ಮನಸ್ಸಿನಲ್ಲಿ ತೀರ್ಪು ಬಂದಿರುತ್ತದೆ.

ಇದು ಆ ಒಂದು ಪದದ ಗುಣವಷ್ಟೇ ಅಲ್ಲ. ಹೇಳಿಕೆಯನ್ನು ವರದಿ ಮಾಡುವ ನಮ್ಮ ಕ್ರಿಯಾಪದಗಳಲ್ಲಿ ಕೆಲವು ಸುಮ್ಮನೆ ಮಾತನ್ನು ದಾಟಿಸುತ್ತವೆ, ಕೆಲವು ಆ ಮಾತಿಗೆ ನಿಜದ ಮುದ್ರೆ ಒತ್ತುತ್ತವೆ. ‘ಹೇಳಿದ್ದಾರೆ’, ‘ಆರೋಪಿಸಿದ್ದಾರೆ’, ‘ದೂರಿನಲ್ಲಿ ನಮೂದಿಸಿದ್ದಾರೆ’ ಎಂಬುವು ಮಾತು ಹೇಳಿದವರದ್ದೇ ಎಂದು ಬಿಟ್ಟುಕೊಡುತ್ತವೆ. ಆದರೆ ‘ತನಿಖೆಯಿಂದ ಬಯಲಾಗಿದೆ’, ‘ಕೃತ್ಯ ಬೆಳಕಿಗೆ ಬಂದಿದೆ’, ‘ಕೈವಾಡ ಖಚಿತವಾಗಿದೆ’, ‘ಬಾಯ್ಬಿಟ್ಟಿದ್ದಾರೆ’ ಎಂಬುವು ಹಾಗಲ್ಲ. ಸುಳ್ಳು ಬಯಲಾಗಬಹುದು, ಆದರೆ ಇಲ್ಲದ್ದು ಬಯಲಾಗುವುದಿಲ್ಲ. ‘ಪೊಲೀಸರ ತನಿಖೆಯಿಂದ ಬಯಲಾಗಿದೆ’ ಎಂದು ಬರೆದರೆ ಪೊಲೀಸರ ಹೆಸರು ಇದ್ದರೂ ಒಪ್ಪಿಗೆ ನಿಮ್ಮದೇ. ಇದರ ತಿರುಗುಮುರುಗು ದೋಷವೂ ಇದೆ. ‘ಚಾಲಕ ಅಮಾಯಕನೆಂದು ಕುಟುಂಬದವರು ಹೇಳಿಕೊಂಡಿದ್ದಾರೆ’ ಎಂದರೆ, ಹೇಳುವವರೇನೋ ಹೇಳಿಕೊಳ್ಳುತ್ತಾರೆ ಎಂಬ ಧ್ವನಿ ಬರುತ್ತದೆ. ಪೊಲೀಸರು ‘ತಿಳಿಸಿದ್ದಾರೆ’, ಕುಟುಂಬದವರು ‘ಹೇಳಿಕೊಂಡಿದ್ದಾರೆ’ ಎಂದು ಬರೆಯುವಲ್ಲಿ ಪಕ್ಷಪಾತ ಆಗಲೇ ಆಗಿಹೋಗಿದೆ. ಇಬ್ಬರಿಗೂ ‘ಹೇಳಿದ್ದಾರೆ’ ಎಂಬ ಒಂದೇ ಕ್ರಿಯಾಪದ ಸಾಕು.

ಪೊಲೀಸರ ಪ್ರಕಟಣೆಯಲ್ಲೇ ಇಂಥ ಭಾಷೆ ಬರುತ್ತದೆ, ನಾವು ಅದನ್ನೇ ಎತ್ತಿ ಹಾಕುತ್ತೇವೆ ಎಂಬ ಉತ್ತರ ಸಿಗುತ್ತದೆ. ಬರುತ್ತದೆ ನಿಜ. ಪೊಲೀಸರ ಹೇಳಿಕೆಗಳೇ ಮಾಧ್ಯಮ ವಿಚಾರಣೆಗೆ ದಾರಿಯಾಗುತ್ತಿವೆ ಎಂಬ ಕಾರಣಕ್ಕೆ, ಪೊಲೀಸರು ಮಾಧ್ಯಮಗಳಿಗೆ ಮಾಹಿತಿ ನೀಡುವ ಬಗ್ಗೆ ಕೈಪಿಡಿ ಸಿದ್ಧಪಡಿಸುವಂತೆ ಸುಪ್ರೀಂ ಕೋರ್ಟ್ 2023ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಗೃಹ ಸಚಿವಾಲಯಕ್ಕೆ ಸೂಚಿಸಿತು. ಪ್ರಕಟಣೆಯಲ್ಲಿ ಇದ್ದ ಮಾತ್ರಕ್ಕೆ ಅದು ನಿಮ್ಮ ಭಾಷೆಯಾಗಬೇಕಾಗಿಲ್ಲ. ‘ಖದೀಮರು’, ‘ಹೆಡೆಮುರಿ ಕಟ್ಟಿದ ಪೊಲೀಸರು’ ಎಂಬಂಥ ಮಾತುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅವುಗಳಿಗೆ ಯಾರ ಹೆಸರನ್ನು ಜೋಡಿಸಿದರೂ ಪ್ರಯೋಜನವಿಲ್ಲ, ತೆಗೆದೇ ಹಾಕಬೇಕು.

ಅಸ್ಸಾಂ ವಿಷಯ. ನಮ್ಮ ತೋಟಗಳ ಲೈನ್ ಮನೆಗಳಲ್ಲಿ ಇಂದು ಅಸ್ಸಾಂನಿಂದ ಬಂದವರು ಬಹಳ ಮಂದಿ ಇದ್ದಾರೆ, ಕೊಯ್ಲು ಅವರಿಲ್ಲದೆ ಸಾಗದ ತೋಟಗಳಿವೆ. ಇಬ್ಬರ ಮೇಲಿನ ಆರೋಪದ ಸಂಕ್ಷೇಪದಲ್ಲಿ ಅವರ ರಾಜ್ಯದ ಹೆಸರನ್ನು ಮೊದಲ ಸಾಲಿಗೆ ತಂದರೆ, ಆರೋಪ ಇಬ್ಬರ ಮೇಲೆ ನಿಲ್ಲುವುದಿಲ್ಲ. ಮಾರನೆಯ ದಿನ ಸಂತೆಗೆ ಬಂದ ಪ್ರತಿಯೊಬ್ಬ ಅಸ್ಸಾಂ ಹುಡುಗನ ಮೇಲೂ ಬೀಳುತ್ತದೆ. ಇದೇ ಪ್ರಕರಣದಲ್ಲಿ ಬಂಧಿತರು ಆಲೂರಿನವರೋ ಬೇಲೂರಿನವರೋ ಆಗಿದ್ದರೆ ‘ಬೇಲೂರು ಮೂಲದ ಕಾರ್ಮಿಕರು’ ಎಂದು ಮೊದಲ ಸಾಲಿನಲ್ಲಿ ಬರೆಯುತ್ತಿದ್ದೆವೇ ಎಂದು ಕೇಳಿಕೊಳ್ಳಿ. ಇಲ್ಲ ಎಂದಾದರೆ ಇಲ್ಲಿಯೂ ಬೇಡ.

ಇಷ್ಟು ಕೇಳಿದ ಮೇಲೆ ಕೆಲವರು ಇನ್ನೊಂದು ತುದಿಗೆ ಹೋಗುತ್ತಾರೆ. ಪ್ರತಿ ವಾಕ್ಯದ ಕೊನೆಗೆ ಒಂದು ‘ಎನ್ನಲಾಗಿದೆ’ ಅಂಟಿಸುತ್ತಾರೆ. “ಕಾಫಿ ಕಳುವಾಗಿದೆ ಎನ್ನಲಾಗಿದ್ದು, ಮೂವರನ್ನು ಬಂಧಿಸಲಾಗಿದೆ ಎನ್ನಲಾಗಿದೆ.” ಇದು ಎಚ್ಚರಿಕೆಯಲ್ಲ, ಸೋಮಾರಿತನ. ‘ಎನ್ನಲಾಗಿದೆ’ ಎಂದರೆ ಯಾರು ಅಂದರು? ಪೊಲೀಸರೇ, ದೂರುದಾರರೇ, ಬಸ್ ನಿಲ್ದಾಣದಲ್ಲಿ ನಿಂತವರೇ? ಹೇಳಿದವರನ್ನು ಮುಚ್ಚಿಟ್ಟರೆ ಓದುಗರು ಆ ಮಾತನ್ನು ತೂಗಿ ನೋಡಲು ಸಾಧ್ಯವಿಲ್ಲ. ಅಷ್ಟೇ ಅಲ್ಲ, ದಾಖಲೆಯಿಂದ ದೃಢಪಟ್ಟ ಬಂಧನಕ್ಕೂ ಯಾರೂ ಸಾಬೀತುಪಡಿಸದ ಕಳವಿಗೂ ಒಂದೇ ಅನುಮಾನದ ಬಣ್ಣ ಬಳಿದಂತಾಗುತ್ತದೆ. ಆಗ ಓದುಗರು ಆ ಪದವನ್ನು ಕಣ್ಣಿಂದ ದಾಟಿಸಿಬಿಡಲು ಕಲಿಯುತ್ತಾರೆ, ಬೇಕಾದ ಕಡೆಯಲ್ಲೂ ಅದು ಕೆಲಸ ಮಾಡುವುದಿಲ್ಲ.

ದೂರು ಕೊಟ್ಟವರಿಗೂ ಇದರಿಂದ ಅನ್ಯಾಯವಾಗುತ್ತದೆ. ಹಲ್ಲೆಗೊಳಗಾಗಿ ಆಸ್ಪತ್ರೆಯಲ್ಲಿರುವವರ ಬಗ್ಗೆ ‘ಗಾಯಗೊಂಡಿದ್ದಾರೆ ಎನ್ನಲಾಗಿದೆ’ ಎಂದು ಬರೆಯುವುದು ಅವರ ಗಾಯವನ್ನೇ ಅನುಮಾನಿಸಿದಂತೆ. ಗಾಯ ಆಗಿದೆ, ಅವರು ಆಸ್ಪತ್ರೆಯಲ್ಲಿದ್ದಾರೆ. ಅದನ್ನು ನೇರವಾಗಿ ಬರೆಯಿರಿ. ಗಾಯ ಮಾಡಿದ್ದು ಯಾರು ಎಂಬಲ್ಲಿ ಮಾತ್ರ ‘ಎಂದು ಅವರು ದೂರಿನಲ್ಲಿ ಹೇಳಿದ್ದಾರೆ’ ಎಂದಿರಲಿ. ಲೈಂಗಿಕ ಅಪರಾಧದ ಪ್ರಕರಣಗಳಲ್ಲಂತೂ ಅನುಮಾನದ ಒಂದು ಹೆಚ್ಚುವರಿ ಪದ ದೂರುದಾರರ ಮೇಲೆಯೇ ಆರೋಪವಾಗಿ ತಿರುಗುತ್ತದೆ. ಅಲ್ಲಿ ಅವರ ಗುರುತು ತಿಳಿಯುವ ಯಾವ ವಿವರವನ್ನೂ ಕೊಡುವಂತಿಲ್ಲ ಎಂಬ ಕಾನೂನೂ ಇದೆ. ಊರಿನ ಹೆಸರು, ಆರೋಪಿಯೊಂದಿಗಿನ ಸಂಬಂಧ, ಓದುತ್ತಿರುವ ತರಗತಿ ಮೂರನ್ನೂ ಸೇರಿಸಿದರೆ ಹೆಸರು ಬರೆದಂತೆಯೇ.

ಹಾಗಾದರೆ ಎಲ್ಲಿ ‘ಎಂದು’ ಬೇಕು, ಎಲ್ಲಿ ಬೇಡ ಎಂದು ತಿಳಿಯುವುದು ಹೇಗೆ? ನಾನು ಬಳಸುವ ಪರೀಕ್ಷೆ ಒಂದೇ. ಬರೆದ ಪ್ರತಿ ವಾಕ್ಯವನ್ನೂ ಓದಿ, ಎರಡು ವರ್ಷದ ಮೇಲೆ ಈ ಮೂವರೂ ಖುಲಾಸೆಯಾದರು ಎಂದುಕೊಳ್ಳಿ. ಆ ದಿನವೂ ಈ ವಾಕ್ಯ ನಿಜವಾಗಿ ಉಳಿಯುತ್ತದೆಯೇ? ‘ಪೊಲೀಸರು ಮೂವರನ್ನು ಬಂಧಿಸಿದ್ದಾರೆ’ ಉಳಿಯುತ್ತದೆ. ‘ಬೀಗ ಮುರಿದು 12 ಮೂಟೆ ಒಯ್ದಿದ್ದಾರೆ ಎಂದು ಮಾಲೀಕರು ದೂರು ನೀಡಿದ್ದರು’ ಉಳಿಯುತ್ತದೆ. ‘ವಾಹನದಲ್ಲಿ 7 ಮೂಟೆ ಸಿಕ್ಕಿವೆ ಎಂದು ಪೊಲೀಸರು ಹೇಳಿದ್ದಾರೆ’ ಉಳಿಯುತ್ತದೆ. ‘ಕಾಫಿ ಕದ್ದಿದ್ದ ಮೂವರು’ ಉಳಿಯುವುದಿಲ್ಲ. ‘ಜೈಲು ಪಾಲು’ ಎಂಬುದೂ ಕುಂಟುತ್ತದೆ, ಏಕೆಂದರೆ ನ್ಯಾಯಾಂಗ ಬಂಧನ ಶಿಕ್ಷೆಯಲ್ಲ, ತನಿಖೆಯ ಅವಧಿಯ ವ್ಯವಸ್ಥೆ. ಮ್ಯಾಜಿಸ್ಟ್ರೇಟರು ಆ ದಿನ ಯಾರು ತಪ್ಪಿತಸ್ಥರೆಂದು ತೀರ್ಮಾನಿಸಿರುವುದಿಲ್ಲ.

ಈ ಪರೀಕ್ಷೆಯಲ್ಲಿ ಉಳಿದ ವಾಕ್ಯಗಳಿಂದಲೇ ಸಂಕ್ಷೇಪ ಕಟ್ಟೋಣ.

“ಸಕಲೇಶಪುರ ತಾಲ್ಲೂಕಿನ ತೋಟವೊಂದರ ಕಾಫಿ ಕಳವು ಪ್ರಕರಣದಲ್ಲಿ ಪೊಲೀಸರು ಶನಿವಾರ ಮೂವರನ್ನು ಬಂಧಿಸಿದ್ದಾರೆ. ಅಪರಿಚಿತರು ಗೋದಾಮಿನ ಬೀಗ ಮುರಿದು 12 ಮೂಟೆ ಒಯ್ದಿದ್ದಾರೆ ಎಂದು ಮಾಲೀಕರು ದೂರು ನೀಡಿದ್ದರು. ಪೊಲೀಸರ ಪ್ರಕಾರ, ಪಿಕಪ್ ವಾಹನವೊಂದರಲ್ಲಿ 7 ಮೂಟೆ ಕಾಫಿ ಸಿಕ್ಕಿದೆ. ಸರಕು ಯಾರದ್ದೆಂದು ಚಾಲಕನಿಗೆ ತಿಳಿದಿರಲಿಲ್ಲ ಎಂದು ಅವರ ಕುಟುಂಬದವರು ಹೇಳಿದ್ದಾರೆ. ಮೂವರೂ ನ್ಯಾಯಾಂಗ ಬಂಧನದಲ್ಲಿದ್ದಾರೆ.”

ಮೊದಲ ಸಂಕ್ಷೇಪಕ್ಕಿಂತ ಇದು ಒಂದೆರಡು ಸಾಲು ಉದ್ದ. ಇಷ್ಟೂ ಜಾಗವಿಲ್ಲದಿದ್ದರೆ ಮೊದಲ ಮತ್ತು ಕೊನೆಯ ವಾಕ್ಯವನ್ನಷ್ಟೇ ಇಟ್ಟುಕೊಳ್ಳಿ. ಅದಕ್ಕಿಂತ ಕಡಿಮೆ ಬೇಕೆಂದರೆ ಮೊದಲ ವಾಕ್ಯ ಮಾತ್ರ. ಆದರೆ ಪೊಲೀಸರ ವಾಕ್ಯವನ್ನು ಇಟ್ಟುಕೊಂಡು ಕುಟುಂಬದವರ ವಾಕ್ಯವನ್ನು ಮಾತ್ರ ಬಿಡಬೇಡಿ. ಬಿಡುವುದಾದರೆ ಎರಡನ್ನೂ ಒಟ್ಟಿಗೇ ಬಿಡಿ.

ಪ್ರಕರಣ ಮುಂದೆ ಸಾಗಿದಂತೆ ಪದಗಳೂ ಬದಲಾಗಬೇಕು. ದೋಷಾರೋಪ ಪಟ್ಟಿ ಸಲ್ಲಿಕೆಯಾದಾಗ ‘ದೋಷ ಸಾಬೀತು’ ಎಂಬ ಭಾವನೆ ಬರುವಂತೆ ಬರೆಯುವವರಿದ್ದಾರೆ. ಅದು ತನಿಖೆ ಮುಗಿಸಿದ ಪೊಲೀಸರು ನ್ಯಾಯಾಲಯಕ್ಕೆ ಕೊಡುವ ವರದಿ, ಆದ್ದರಿಂದ ‘ಪೊಲೀಸರು ಸಲ್ಲಿಸಿದ ದೋಷಾರೋಪ ಪಟ್ಟಿಯ ಪ್ರಕಾರ’ ಎಂದೇ ಇರಬೇಕು. ನ್ಯಾಯಾಲಯ ದೋಷಿ ಎಂದು ತೀರ್ಪು ಕೊಟ್ಟ ದಿನ ‘ಅಪರಾಧಿ’ ಎಂದು ಧೈರ್ಯವಾಗಿ ಬರೆಯಿರಿ. ಅಲ್ಲಿಯೂ ‘ಆರೋಪಿ’ ಎಂದೇ ಬರೆಯುತ್ತಾ ಹೋಗುವುದು ತೀರ್ಪಿಗೂ ನೊಂದವರಿಗೂ ಮಾಡುವ ಅಗೌರವ. ಯಾವ ನ್ಯಾಯಾಲಯ, ಯಾವ ಪ್ರಕರಣ ಎಂದು ಮಾತ್ರ ಹೇಳಿ. ಒಬ್ಬರ ಮೇಲೆ ನಾಲ್ಕು ಪ್ರಕರಣಗಳಿದ್ದು ಒಂದರಲ್ಲಿ ಶಿಕ್ಷೆಯಾಗಿದ್ದರೆ, ಉಳಿದ ಮೂರರಲ್ಲಿ ಅವರು ಇನ್ನೂ ಆರೋಪಿಯೇ.

ಖುಲಾಸೆಯ ಸುದ್ದಿ ನಮ್ಮಲ್ಲಿ ಮೊದಲೇ ವಿರಳ. ಬಂದಾಗಲೂ ‘ಸಾಕ್ಷ್ಯಾಧಾರಗಳ ಕೊರತೆಯಿಂದ ಖುಲಾಸೆ’ ಎಂಬ ಸಿದ್ಧ ವಾಕ್ಯ ಬರುತ್ತದೆ. ಅದನ್ನು ಓದಿದವರು ‘ಮಾಡಿದ್ದು ಇವರೇ, ಸಾಕ್ಷಿ ಸಿಗಲಿಲ್ಲ ಅಷ್ಟೇ’ ಎಂದು ಅರ್ಥ ಮಾಡಿಕೊಳ್ಳುತ್ತಾರೆ. ತೀರ್ಪಿನಲ್ಲಿ ನ್ಯಾಯಾಧೀಶರು ಏನು ಹೇಳಿದ್ದಾರೋ ಅದನ್ನು ಹುಡುಕಿ ಬರೆಯಿರಿ: “ವಶಪಡಿಸಿಕೊಂಡ ಕಾಫಿ ಇದೇ ತೋಟದ್ದೆಂದು ಪ್ರಾಸಿಕ್ಯೂಷನ್ ಸಾಬೀತುಪಡಿಸಿಲ್ಲ ಎಂದು ಹೇಳಿದ ನ್ಯಾಯಾಲಯ, ಮೂವರನ್ನೂ ಖುಲಾಸೆಗೊಳಿಸಿದೆ.” ಆಮೇಲೆ ನಿಮ್ಮ ಹಳೆಯ ಸಂಕ್ಷೇಪವನ್ನು ತೆರೆಯಿರಿ. ಬಂಧನದ ದಿನ ಬರೆದದ್ದನ್ನು ಅಳಿಸಬೇಕಾಗಿಲ್ಲ, ಆದರೆ ಅದರ ಮೊದಲ ಸಾಲಿಗಿಂತ ಮೇಲೆ ತೀರ್ಪಿನ ದಿನಾಂಕ ಹಾಕಿ ಈ ವಾಕ್ಯವನ್ನು ಸೇರಿಸಿ. ಕೆಳಗೆ ಸೇರಿಸಿದರೆ ಸಾಲದು, ಹುಡುಕಿದವರಿಗೆ ಕಾಣುವುದು ಮೇಲಿನ ಸಾಲು. ಚಾಲಕನಿಗೆ ಮುಂದಿನ ಬಾಡಿಗೆ ಕೊಡುವವರು ಅವನ ಹೆಸರಿನ ಜೊತೆಗೆ ಓದುವುದೂ ಆ ಸಾಲನ್ನೇ.